ಗದ್ದೆ ಪಾಳು ಬಿದ್ದರೂ ಕದಲದ ಅಂಕಿ

ಆಗಸ್ಟ್ ಕೊನೆಗೆ ವಿರಾಜಪೇಟೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಬನ್ನಿ. ಕಾಫಿ ತೋಟಗಳ ನಡುವಿನ ತಗ್ಗುಗಳಲ್ಲಿ ಒಂದು ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ, ಪಕ್ಕದ್ದರಲ್ಲಿ ಸೊಂಟದೆತ್ತರ ಹುಲ್ಲು ನಿಂತಿರುತ್ತದೆ. ಆಳಿಲ್ಲ, ಕೂಲಿ ಗಿಟ್ಟುವುದಿಲ್ಲ, ಆನೆ ಬಿಡುವುದಿಲ್ಲ ಎಂದು ಬಿಟ್ಟ ಗದ್ದೆಗಳಿವು. ಆದರೆ ಜಿಲ್ಲೆಯ ಅಂಕಿಅಂಶದ ಪುಸ್ತಕ ತೆರೆದು ‘ಬೆಳೆ ಸಾಂದ್ರತೆ’ಯ ಸಾಲು ನೋಡಿದರೆ ಅದು 100ರ ಹತ್ತಿರದಲ್ಲೇ ಕೂತಿರುತ್ತದೆ. ಗದ್ದೆ ಬಿಟ್ಟದ್ದು ಆ ಸಾಲಿಗೆ ಗೊತ್ತೇ ಆಗಿಲ್ಲ.

ಕಾರಣ ಲೆಕ್ಕದ ರೀತಿಯಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ದೇಶದ ಭೂಮಿಯನ್ನು ಐದು ಬಗೆಯಾಗಿ ವಿಂಗಡಿಸುತ್ತಿದ್ದರು. 1950ರ ಆಸುಪಾಸಿನಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ, ಅದು ಒಂಬತ್ತು ಬಗೆಯಾಯಿತು. ಈಗಲೂ ಅದೇ ನಡೆಯುತ್ತಿದೆ. ಜುಲೈಯಿಂದ ಜೂನ್‌ವರೆಗಿನ ಕೃಷಿ ವರ್ಷದಲ್ಲಿ ಒಮ್ಮೆಯಾದರೂ ಬೆಳೆ ಕಂಡ ಜಾಗ ನಿವ್ವಳ ಬಿತ್ತನೆ ಪ್ರದೇಶ. ಎರಡು ಬೆಳೆ ತೆಗೆದರೂ ಇಲ್ಲಿ ಒಂದೇ ಸಲ ಎಣಿಕೆ. ಎರಡನೇ ಬೆಳೆಯ ವಿಸ್ತೀರ್ಣವನ್ನೂ ಕೂಡಿಸಿದರೆ ಸಿಗುವುದು ಒಟ್ಟು ಬಿತ್ತನೆ. ಒಟ್ಟನ್ನು ನಿವ್ವಳದಿಂದ ಭಾಗಿಸಿ 100ರಿಂದ ಗುಣಿಸಿದರೆ ಬೆಳೆ ಸಾಂದ್ರತೆ. ಬಿತ್ತದ ಜಾಗ ಈ ಭಾಗಾಕಾರದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ನಾಲ್ಕು ಎಕರೆ ಕಾಫಿ, ಎರಡು ಎಕರೆ ಗದ್ದೆ. ಗದ್ದೆಯಲ್ಲಿ ಒಂದು ಎಕರೆಗೆ ಮಾತ್ರ ತೋಡಿನ ನೀರು ಸಿಗುವುದರಿಂದ ಭತ್ತದ ನಂತರ ಅಲ್ಲಿ ತರಕಾರಿ ಹಾಕುತ್ತಾರೆ. ನಿವ್ವಳ ಆರು, ಒಟ್ಟು ಏಳು. ಸಾಂದ್ರತೆ ಸುಮಾರು 117. ಮುಂದಿನ ವರ್ಷ ನೀರಿಲ್ಲದ ಎಕರೆಯನ್ನು ಬಿಟ್ಟರು ಅನ್ನಿ. ನಿವ್ವಳ ಐದಕ್ಕಿಳಿಯಿತು, ಒಟ್ಟು ಆರಕ್ಕೆ. ಸಾಂದ್ರತೆ ಈಗ 120! ಗದ್ದೆ ಅರ್ಧ ಪಾಳು ಬಿದ್ದಿದೆ, ಅಂಕಿ ಮೇಲೇರಿದೆ. ಉಳಿದ ಎಕರೆಯನ್ನೂ ಬಿಟ್ಟರೆ ನಾಲ್ಕಕ್ಕೆ ನಾಲ್ಕು, ಸಾಂದ್ರತೆ 100. ಇದಕ್ಕಿಂತ ಕೆಳಗೆ ಅದು ಇಳಿಯಲಾರದು.

ಕೊಡಗಿನಲ್ಲಿ ಈ ಮರೆಮಾಚುವಿಕೆ ಇನ್ನೂ ಜಾಸ್ತಿ, ಏಕೆಂದರೆ ನಿವ್ವಳ ಬಿತ್ತನೆಯ ಬಹುಪಾಲು ಕಾಫಿ. ಗಿಡ ನೆಟ್ಟದ್ದು ಅಜ್ಜನ ಕಾಲದಲ್ಲಾದರೂ ಪ್ರತಿ ವರ್ಷ ಅದು ‘ಬಿತ್ತನೆ’ಯೇ. ಹಿಂದೆ ಬಾಣೆ ಎಂದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನದ ಮೇವಿಗೆಂದು ಬಿಟ್ಟುಕೊಟ್ಟ ಮರದ ಜಾಗ. ಗದ್ದೆಯೇ ಮುಖ್ಯ, ಬಾಣೆ ಅದರ ಬಾಲ. ಬಾಣೆಗೆ ಕಾಫಿ ಹತ್ತಿದ ಮೇಲೆ ಬಾಲವೇ ದೇಹವಾಯಿತು. ಗದ್ದೆ ಕಳೆದುಕೊಂಡ ನಿವ್ವಳವನ್ನು ಬಾಣೆಯ ಕಾಫಿ ತುಂಬಿಕೊಟ್ಟರೆ ಜಿಲ್ಲೆಯ ಮೊತ್ತದಲ್ಲಿ ಏನೂ ಆಗಿಲ್ಲವೆಂದೇ ಕಾಣುತ್ತದೆ. ಗದ್ದೆಗೆ ಮಣ್ಣು ಹಾಕಿ ಅಡಿಕೆ ಇಟ್ಟರೂ ಹಾಗೆಯೇ. (ತಮಾಷೆಯೆಂದರೆ ಉಪಗ್ರಹದ ಕಣ್ಣಿಗೆ ನೆರಳಿನ ಕಾಫಿ ತೋಟವೂ ಕಾಡು. ಹಾಗಾಗಿ ಅರಣ್ಯ ಸಮೀಕ್ಷೆಯಲ್ಲಿ ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಹಸಿರು, ಕಂದಾಯದ ಪಟ್ಟಿಯಲ್ಲಿ ಕಾಡು ಸುಮಾರು ಮೂರನೇ ಒಂದು ಭಾಗ.)

ಹಾಗಾದರೆ ಬಿಟ್ಟ ಗದ್ದೆ ಎಲ್ಲಿ ಹೋಗುತ್ತದೆ? ಅದು ಪಟ್ಟಿಯಲ್ಲಿ ಮೆಟ್ಟಿಲಿಳಿಯುತ್ತದೆ. ಈ ವರ್ಷ ಬಿತ್ತದಿದ್ದರೆ ‘ಚಾಲ್ತಿ ಬೀಳು’. ಒಂದು ವರ್ಷ ದಾಟಿ ಐದು ವರ್ಷದೊಳಗಿದ್ದರೆ ‘ಇತರೆ ಬೀಳು’. ಐದು ವರ್ಷ ಕಳೆದರೆ ‘ಸಾಗುವಳಿಗೆ ಯೋಗ್ಯವಾದ ಪಾಳು’, ಅಂದರೆ ಅದು ಬೀಳಿನ ಲೆಕ್ಕದಿಂದಲೇ ಹೊರಕ್ಕೆ. ಬೀಳಿನ ಅಂಕಿ ಕಡಿಮೆಯಾಯಿತೆಂದು ಖುಷಿಪಡುವ ಮುನ್ನ ಅಷ್ಟೇ ಎಕರೆ ಪಾಳಿನಲ್ಲಿ ಹೆಚ್ಚಾಗಿದೆಯೇ ಎಂದು ನೋಡಬೇಕು. ಗದ್ದೆಯ ಕತೆ ತಿಳಿಯಲು ನಾನು ಸಾಂದ್ರತೆಯನ್ನು ಬಿಟ್ಟು ಭತ್ತದ ವಿಸ್ತೀರ್ಣ, ಎರಡೂ ಬೀಳು ಮತ್ತು ಪಾಳು, ಈ ನಾಲ್ಕನ್ನು ಹತ್ತು ವರ್ಷಕ್ಕೆ ಅಕ್ಕಪಕ್ಕ ಇಟ್ಟು ಓದುತ್ತೇನೆ. ಅದೂ ತಾಲ್ಲೂಕುವಾರು, ಏಕೆಂದರೆ ಕುಶಾಲನಗರದ ಕಡೆಯ ಬಯಲಿನ ಮುಸುಕಿನ ಜೋಳ, ಶುಂಠಿಯ ಲೆಕ್ಕ ವಿರಾಜಪೇಟೆಯ ಗದ್ದೆಗೆ ಹೊಂದುವುದಿಲ್ಲ.

ಅದಕ್ಕೂ ಮೊದಲು ಪಹಣಿ ಸರಿಯಿರಬೇಕಲ್ಲ. ಈಗ ಗ್ರಾಮ ಆಡಳಿತಾಧಿಕಾರಿ ಎನಿಸಿಕೊಂಡಿರುವ ಗ್ರಾಮ ಲೆಕ್ಕಿಗರು ಹೋದ ವರ್ಷದ ಬೆಳೆಯನ್ನೇ ಈ ವರ್ಷವೂ ಇಳಿಸಿಬಿಡುವುದು ಹಳೆಯ ರೋಗ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ಫೋಟೋ ತೆಗೆದು ಬೆಳೆ ಸಮೀಕ್ಷೆಗೆ ಹಾಕಬಹುದು. ಮರದಡಿ ಸಿಗ್ನಲ್ ಸಿಗದೆ ಮನೆ ಅಂಗಳದಿಂದ ಫೋಟೋ ತೆಗೆಯಲು ಹೋದವರಿಗೆ ಆ್ಯಪ್ ಸರ್ವೆ ನಂಬರಿನ ಹೊರಗಿದ್ದೀರಿ ಎನ್ನುತ್ತದೆ.

ಪರಿಚಯದ ಒಂದು ಮನೆಯಲ್ಲಿ ಎರಡು ಎಕರೆ ಗದ್ದೆ ಬಿಟ್ಟು ವರ್ಷಗಳಾದವು. ಆದರೂ ಹುತ್ತರಿಗೆ ಬೇರೆಯವರ ಗದ್ದೆಯ ಕದಿರು ತರುವುದು ಹಿರಿಯರಿಗೆ ಒಗ್ಗದ್ದರಿಂದ ಮನೆ ಮುಂದಿನ ಐದು ಸೆಂಟಿನಲ್ಲಿ ಮಾತ್ರ ಭತ್ತ ನೆಡುತ್ತಾರೆ. ನಿಯಮದ ಪ್ರಕಾರ ಆ ಐದು ಸೆಂಟು ನಿವ್ವಳ ಬಿತ್ತನೆ, ಉಳಿದ ಒಂದು ಎಕರೆ ತೊಂಬತ್ತೈದು ಸೆಂಟು ಪಾಳು. ಅವರ ಪಹಣಿಯಲ್ಲಿ ಎರಡು ಎಕರೆಯೂ ಭತ್ತ.