ಬುಡಕ್ಕೊಂದು ಹೊತ್ತು, ತುದಿಗೊಂದು ಹೊತ್ತು

ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ನನ್ನ ಅತ್ತಿಗೆ ಮನೆಯಲ್ಲೇ ತಲೆಗೆ ಕಲರ್ ಹಚ್ಚಿಕೊಂಡರು. ಫೋಟೋ ಬಂದ ಮೇಲೆ ನೋಡಿದರೆ ನೆತ್ತಿಯ ಹತ್ತಿರ ಪರವಾಗಿಲ್ಲ ಅನ್ನುವಂಥ ಕಪ್ಪು, ಜಡೆಯ ಅರ್ಧದಿಂದ ಕೆಳಗೆ ಬೆಳಕೇ ಹೊಮ್ಮದ ಮಸಿ ಕಪ್ಪು, ಕಿವಿಯ ಮುಂದೆ ಮಾತ್ರ ಬಿಳಿ ಎಳೆಗಳು ಮಾಸಲು ಕಂದಾಗಿ ಇಣುಕುತ್ತಿವೆ. ಪೊಟ್ಟಣ ಒಂದೇ, ತಲೆ ಒಂದೇ, ಹಚ್ಚಿ ಬಿಟ್ಟ ಹೊತ್ತೂ ಒಂದೇ. "ಮತ್ತೆ ಮೂರು ಬಣ್ಣ ಎಲ್ಲಿಂದ ಬಂತು? ನೀನು ಕೆಮಿಸ್ಟ್ರಿ ಮೇಡಂ ಅಲ್ವಾ, ಹೇಳು" ಅಂದರು.

ತಲೆ ಒಂದೇ ಆದರೂ ಅದರ ಮೇಲಿನ ಕೂದಲು ಒಂದೇ ಅಲ್ಲ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಅತ್ತಿಗೆಯ ಜಡೆ ಸುಮಾರು 45 ಸೆಂ.ಮೀ. ಹಾಗಾದರೆ ಬುಡದ ಕೂದಲು ಮೊನ್ನೆ ಹುಟ್ಟಿದ್ದು, ತುದಿಯ ಕೂದಲಿಗೆ ಮೂರೂಮುಕ್ಕಾಲು ವರ್ಷ. ಆ ತುದಿ ಅಷ್ಟು ವರ್ಷದ ಬಿಸಿಲು, ಬೋರ್‌ವೆಲ್ ನೀರು, ಬಾಚಣಿಗೆ, ಶಾಂಪೂ ಎಲ್ಲವನ್ನೂ ಕಂಡಿದೆ. ಕೂದಲಿನ ಹೊರಗೆ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದ ಸಣ್ಣ ಪದರಗಳಿರುತ್ತವೆ. ಬುಡದಲ್ಲಿ ಅವು ಒತ್ತಾಗಿ ಕೂತಿರುತ್ತವೆ. ತುದಿಗೆ ಹೋಗುವಷ್ಟರಲ್ಲಿ ಕೆಲವು ಎದ್ದಿರುತ್ತವೆ, ಕೆಲವು ಉದುರಿಹೋಗಿರುತ್ತವೆ. ಹೆಂಚು ಒಡೆದ ಮಾಡಿನಲ್ಲಿ ನೀರು ಇಳಿದ ಹಾಗೆ ತುದಿಯೊಳಕ್ಕೆ ಬಣ್ಣ ಬೇಗ ಇಳಿಯುತ್ತದೆ, ಹೆಚ್ಚೇ ಇಳಿಯುತ್ತದೆ.

ಇನ್ನು ಬಣ್ಣ ಕಟ್ಟುವ ಬಗೆ. ಕ್ರೀಂ ಟ್ಯೂಬಿನಲ್ಲಿರುವುದು ಬಣ್ಣವೇ ಅಲ್ಲ, ಬಣ್ಣವಾಗಬಲ್ಲ ಪುಟ್ಟ ಅಣುಗಳು. ಅವುಗಳಲ್ಲಿ ಮುಖ್ಯವಾದದ್ದು ಪಿಪಿಡಿ. ಡೆವಲಪರ್ ಬಾಟಲಿಯಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್, ಬಿಳಿ ಕೂದಲು ಮುಚ್ಚಲು ಸಾಮಾನ್ಯವಾಗಿ ಶೇ. 6ರದ್ದು. ಎರಡನ್ನೂ ಕಲೆಸಿದಾಗ ಅಮೋನಿಯಾ ಅಥವಾ ಅದರ ಬದಲಿಗೆ ಹಾಕಿದ ಕ್ಷಾರ ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಸಡಿಲ ಮಾಡುತ್ತದೆ. ಪುಟ್ಟ ಅಣುಗಳು ಒಳಗೆ ನುಗ್ಗುತ್ತವೆ. ಅಲ್ಲಿ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಬೆಸೆದ ಅಣು ದೊಡ್ಡದು, ಬಂದ ದಾರಿಯಲ್ಲಿ ಸುಲಭವಾಗಿ ಹಿಂದಕ್ಕೆ ಹೋಗಲಾರದು. ಬಣ್ಣ ನಿಲ್ಲುವುದು ಹೀಗೆ. ಕಲೆಸಿದಾಗ ಕೆನೆಯ ಹಾಗಿದ್ದ ಮಿಶ್ರಣ ಬಟ್ಟಲಲ್ಲೇ ಕಂದಾಗಿ, ಕಪ್ಪಾಗಿ ತಿರುಗುವುದನ್ನು ನೀವು ನೋಡಿರುತ್ತೀರಿ. ಅದು ಬಣ್ಣ ಹದಕ್ಕೆ ಬಂದ ಗುರುತಲ್ಲ, ಕೂದಲಿನೊಳಗೆ ಆಗಬೇಕಾದ ಬೆಸುಗೆ ಹೊರಗೇ ಆಗಿ ಹಾಳಾಗುತ್ತಿರುವ ಗುರುತು. ಅದಕ್ಕೇ ಹಚ್ಚುವ ಕ್ಷಣದಲ್ಲಿ ಕಲೆಸಬೇಕು. ಉಳಿದದ್ದನ್ನು ಮುಚ್ಚಳ ಹಾಕಿ ಎತ್ತಿಡುವುದಂತೂ ಬೇಡ, ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು.

ಈ ಬೆಸುಗೆ ಬಿಸಿಯಲ್ಲಿ ಬೇಗ ಆಗುತ್ತದೆ. ನೆತ್ತಿಗೆ ಅಂಟಿಕೊಂಡ ಒಂದೆರಡು ಸೆಂಟಿಮೀಟರ್ ಕೂದಲಿಗೆ ಮೈಯ ಬಿಸಿ ಸಿಗುತ್ತದೆ, ಜಡೆಗೆ ಸಿಗುವುದಿಲ್ಲ. ಕಿವಿಯ ಮುಂದಿನ ಮತ್ತು ಹಣೆಯಂಚಿನ ಬಿಳಿ ಕೂದಲು ಮಾತ್ರ ಹಟಮಾರಿ, ಬುಡದಲ್ಲೇ ಇದ್ದರೂ ಬಣ್ಣ ಹಿಡಿಯಲು ಹೆಚ್ಚು ಹೊತ್ತು ಕೇಳುತ್ತದೆ. ಅತ್ತಿಗೆ ಹಿಂದಲೆಯಿಂದ ಶುರುಮಾಡಿ, ಬುಡದಿಂದ ತುದಿಯವರೆಗೆ ಒಂದೇ ಸಲಕ್ಕೆ ಬಳಿದು, ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು ಕಿವಿಯ ಹತ್ತಿರ ಸವರಿದ್ದರು. ಹೆಚ್ಚು ಹೊತ್ತು ಬೇಕಾದ ಕಡೆ ಅರ್ಧ ಸತ್ತ ಮಿಶ್ರಣ, ಅದೂ ಕೊನೆಗೆ. ಕಡಿಮೆ ಸಾಕಾದ ಕಡೆ ತಾಜಾ ಮಿಶ್ರಣ, ಪೂರ್ತಿ ಹೊತ್ತು. ಮೂರು ಬಣ್ಣ ಬಂದಿದ್ದು ಹೀಗೆ.

ಶೇಡ್ ಕೂಡ ತಪ್ಪಾಗಿತ್ತು. ನಮ್ಮ ಕೂದಲು ಕಪ್ಪು ಎಂದುಕೊಂಡು ಎಲ್ಲರೂ ಕಪ್ಪಿನ ಪೊಟ್ಟಣಕ್ಕೇ ಕೈ ಹಾಕುತ್ತೇವೆ. ನಿಮ್ಮ ನರೆಯದ ಒಂದು ಕೂದಲನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ, ಬಹುತೇಕ ಕಂದು ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ 1 ಎಂದರೆ ಕಪ್ಪು, ಅಂಕಿ ಏರಿದಂತೆ ಬಣ್ಣ ತಿಳಿ. 3 ದಟ್ಟ ಕಂದು, 4 ಕಂದು, 5 ತಿಳಿ ಕಂದು. ಚುಕ್ಕಿಯ ನಂತರದ ಅಂಕಿ ಛಾಯೆಯದ್ದು, ಅಂದರೆ ಕೆಂಪೋ ಹೊನ್ನೋ ಬೂದಿಯೋ ಎಂಬುದು. ಚುಕ್ಕಿಯ ನಂತರ ಏನೂ ಇಲ್ಲದಿದ್ದರೆ ಅಥವಾ ಸೊನ್ನೆ ಇದ್ದರೆ ಅದು ಸಹಜ ಶೇಡ್. ಬಿಳಿ ಕೂದಲು ಹೆಚ್ಚಿರುವವರಿಗೆ ಇದೇ ಒಳ್ಳೆಯದು. ಕಪ್ಪು ಕೂದಲಿನಲ್ಲಿ ಮೊದಲೇ ಮೆಲನಿನ್ ಇರುವುದರಿಂದ ಬರ್ಗಂಡಿ ಹಚ್ಚಿದರೆ ಬಿಸಿಲಲ್ಲಷ್ಟೇ ಮಿಂಚುತ್ತದೆ. ಬಿಳಿ ಕೂದಲಿನಲ್ಲಿ ಏನೂ ಇಲ್ಲ. ಅದೇ ಬರ್ಗಂಡಿ ಅಲ್ಲಿ ಬೀಟ್‌ರೂಟ್ ಹಿಂಡಿದ ಹಾಗೆ ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಚೆಲುವೆಗೆ ಒಂದೂ ನರೆ ಇರುವುದಿಲ್ಲ ಎನ್ನುವುದನ್ನು ಮರೆಯಬಾರದು.

ಕಪ್ಪಿಗಿಂತ 3 ಒಳ್ಳೆಯದು ಎನ್ನಲು ಇನ್ನೊಂದು ಕಾರಣವಿದೆ. ಬಣ್ಣದ ಮೇಲೆ ಬಣ್ಣ ಹಚ್ಚಿ ಅದನ್ನು ತಿಳಿ ಮಾಡಲು ಆಗುವುದಿಲ್ಲ. ತಿಳಿಯಾಯಿತು ಅನಿಸಿದರೆ ಮುಂದಿನ ಸಲ ಒಂದು ಅಂಕಿ ದಟ್ಟಕ್ಕೆ ಇಳಿಯಬಹುದು. ಕಪ್ಪಾಗಿ ಹೋದರೆ ಬೆಳೆದು ಕತ್ತರಿಸುವವರೆಗೂ ಕಾಯಬೇಕು. ಜೊತೆಗೆ ಬೈತಲೆಯಲ್ಲಿ ಹೊಸ ಬಿಳಿ ಬುಡ ಕಾಣಿಸಿಕೊಂಡಾಗ ಕಪ್ಪಿನ ಪಕ್ಕದಲ್ಲಿ ಅದು ಸುಣ್ಣದ ಗೆರೆ, ಕಂದಿನ ಪಕ್ಕದಲ್ಲಿ ಅಷ್ಟು ಎದ್ದು ಕಾಣುವುದಿಲ್ಲ.

ಆರು ವಾರ ಬಿಟ್ಟು ಮತ್ತೆ ಕೂತೆವು. ಬುಡದಲ್ಲಿ ಒಂದೂವರೆ ಸೆಂಟಿಮೀಟರ್ ಬಿಳಿ ಬಂದಿತ್ತು. ಈ ಸಲ 3ರ ಪೊಟ್ಟಣ, ಮೊದಲು ಎಳೆ ಪರೀಕ್ಷೆ.

ಅದಕ್ಕೂ ಎರಡು ದಿನ ಮೊದಲು ಬೇರೆಯೇ ಒಂದು ಪರೀಕ್ಷೆ ಮಾಡಿದ್ದೆವು. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಎಳೆ ಪರೀಕ್ಷೆ ಕೂದಲಿಗೆ, ಅಲರ್ಜಿ ಪರೀಕ್ಷೆ ಚರ್ಮಕ್ಕೆ. ಪೊಟ್ಟಣದ ಚೀಟಿಯಲ್ಲಿ ಹೇಳಿದ ಹಾಗೆ ಚೂರು ಬಣ್ಣವನ್ನು ಮೊಣಕೈ ಒಳಬದಿಗೋ ಕಿವಿಯ ಹಿಂದೆಯೋ ಹಚ್ಚಿ 48 ಗಂಟೆ ಕಾಯಬೇಕು. ಪಿಪಿಡಿ ಅಲರ್ಜಿ ತಕ್ಷಣ ಮುಖ ತೋರಿಸುವುದಿಲ್ಲ, ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಹತ್ತು ವರ್ಷ ಹಚ್ಚಿ ಏನೂ ಆಗದವರಿಗೂ ಹನ್ನೊಂದನೇ ವರ್ಷ ಬರಬಹುದು. ತುರಿಕೆ, ಕೆಂಪು, ಬಾವು ಕಂಡರೆ ಆ ಬಣ್ಣ ತಲೆಗೆ ಬೇಡವೇ ಬೇಡ. ಅಮೋನಿಯಾ ಇಲ್ಲ ಎಂದು ಬರೆದ ಮಾತ್ರಕ್ಕೆ ಪಿಪಿಡಿ ಇಲ್ಲ ಎಂದಲ್ಲ. ಕಪ್ಪು ಮೆಹಂದಿ ಎಂದು ಮಾರುವ ಹಲವು ಪುಡಿಗಳಲ್ಲೂ ಅದೇ ಇರುತ್ತದೆ.

ಎಳೆ ಪರೀಕ್ಷೆಗೆ ತಲೆಯ ಕೂದಲು ಕತ್ತರಿಸುವುದು ಅತ್ತಿಗೆಗೆ ಇಷ್ಟವಿರಲಿಲ್ಲ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಒಂದು ವಾರ ಕೂಡಿಟ್ಟರು. ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇರುತ್ತದೆ, ಬೆರಳಿಗೆ ತಾಗುತ್ತದೆ. ಅದೇ ಬುಡದ ಕಡೆ. ಬುಡ ಬೆಳ್ಳಗಿರುವ ಎಳೆಗಳನ್ನು ಆರಿಸಿ, ಗಂಟುಗಳು ಒಂದೇ ಕಡೆ ಬರುವಂತೆ ಜೋಡಿಸಿ, ನಾಲ್ಕು ಪುಟ್ಟ ಕುಚ್ಚು ಮಾಡಿ ದಾರ ಕಟ್ಟಿದೆವು. ಒಂದನ್ನು ಹೋಲಿಕೆಗೆ ಹಾಗೇ ಬಿಟ್ಟೆವು. ಪ್ಲಾಸ್ಟಿಕ್ ಬಟ್ಟಲಲ್ಲಿ ಅರ್ಧ ಚಮಚ ಕ್ರೀಂ, ಅರ್ಧ ಚಮಚ ಡೆವಲಪರ್. ಈ ಪೊಟ್ಟಣದಲ್ಲಿ ಎರಡೂ ಸಮ ಪಾಲು, ಬೇರೆಯದರಲ್ಲಿ ಅದರ ಚೀಟಿ ಹೇಳಿದಷ್ಟು. ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇಡ, ಲೋಹ ತಾಗಿದರೆ ಪೆರಾಕ್ಸೈಡ್ ಒಡೆದು ಸೊರಗುತ್ತದೆ. ಮೂರು ಕುಚ್ಚಿಗೂ ಹಚ್ಚಿ 20, 30, 40 ನಿಮಿಷಕ್ಕೆ ಒಂದೊಂದನ್ನು ತೊಳೆದು ಒಣಗಿಸಿದೆವು. ಒದ್ದೆ ಕೂದಲು ಯಾವಾಗಲೂ ದಟ್ಟ ಕಾಣುತ್ತದೆ, ಟ್ಯೂಬ್‌ಲೈಟು ಕಂದನ್ನು ಬೂದಿ ಮಾಡಿ ತೋರಿಸುತ್ತದೆ. ಒಣಗಿಸಿ, ಕಿಟಕಿಯ ಹತ್ತಿರ ನೋಡಬೇಕು.

20 ನಿಮಿಷದ ಕುಚ್ಚಿನ ಬಿಳಿ ಬುಡ ಚಹಾ ಕಲೆಯ ಹಾಗೆ ಮಾಸಲು. 30ರದ್ದು ಅವರ ಸಹಜ ಕೂದಲಿನ ಪಕ್ಕ ಇಟ್ಟರೆ ಗೊತ್ತಾಗದ ದಟ್ಟ ಕಂದು. 40ರದ್ದು 30ಕ್ಕಿಂತ ಅಂಥ ಬೇರೆಯಲ್ಲ. ಮೊದಲೇ ಮಸಿಯಾಗಿದ್ದ ತುದಿ ಮೂರರಲ್ಲೂ ಮಸಿಯೇ. ಅಂದರೆ ಬುಡಕ್ಕೆ 30 ನಿಮಿಷ, ತುದಿಗೆ ಈ ಸಲ ಏನೂ ಬೇಡ. ತಟ್ಟೆಯ ಮೇಲಿನ ಕೂದಲಿಗೆ ನೆತ್ತಿಯ ಬಿಸಿ ಇಲ್ಲವಾದ್ದರಿಂದ ತಲೆಯ ಮೇಲೆ ತುಸು ಮೊದಲೇ ಆಗಬಹುದು. ಚೀಟಿ ಹೇಳಿದ ಗರಿಷ್ಠ ಹೊತ್ತನ್ನು ಯಾವ ಲೆಕ್ಕಕ್ಕೂ ಮೀರಬಾರದು.

ಈ ಪರೀಕ್ಷೆ ಬಣ್ಣವನ್ನಷ್ಟೇ ಹೇಳುವುದಿಲ್ಲ. ಅತ್ತಿಗೆ ಹಿಂದೆ ಮೂರು ವರ್ಷ ಮೆಹಂದಿ ಹಾಕುತ್ತಿದ್ದರು. ಶುದ್ಧ ಗೋರಂಟಿ ಎಲೆಯಾದರೆ ತೊಂದರೆಯಿಲ್ಲ. ಕೆಲವು ಕೂದಲಿನ ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಅದು ಉಳಿದ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಕುಚ್ಚು ಬಿಸಿಯಾಗಬಹುದು, ನೊರೆ ಬರಬಹುದು, ಹಸಿರು ತಿರುಗಬಹುದು, ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಗಬಹುದು. ಇವುಗಳಲ್ಲಿ ಒಂದು ಕಂಡರೂ ಬಟ್ಟಲು ಚೆಲ್ಲಿ ಎದ್ದುಬಿಡಬೇಕು. ಮೊದಲ ಸಲ ಅವರು ಇದನ್ನು ನೋಡದೆಯೇ ಹಚ್ಚಿಕೊಂಡಿದ್ದರು, ಬಚಾವಾದದ್ದು ಅದೃಷ್ಟ.

ಹಚ್ಚುವ ದಿನ ತಲೆಗೆ ಎಣ್ಣೆ ಇರಬಾರದು. ನಮ್ಮಲ್ಲಿ ಇದು ಕಷ್ಟದ ಮಾತು, ಆದರೆ ಕೊಬ್ಬರಿ ಎಣ್ಣೆ ಕುಡಿದ ಕೂದಲಲ್ಲಿ ಬಣ್ಣ ಜಾರುತ್ತದೆ. ಹಿಂದಿನ ದಿನವೇ ಶಾಂಪೂ ಹಾಕಿ ತೊಳೆದು, ಕಂಡಿಷನರ್ ಹಾಕದೆ ಬಿಟ್ಟರೆ ನೆತ್ತಿ ತಾನೇ ಬಿಟ್ಟ ಜಿಡ್ಡು ಚರ್ಮ ಉರಿಯದಂತೆ ಕಾಯುವಷ್ಟು ಇರುತ್ತದೆ. ಹಣೆಯಂಚಿಗೆ, ಕಿವಿಗೆ ವ್ಯಾಸಲೀನ್ ಸವರಿದೆವು, ಬಿಳಿ ಕೂದಲಿಗೆ ತಾಗದ ಹಾಗೆ.

ತಲೆಯನ್ನು ಹಣೆಯಿಂದ ಹಿಂದಲೆಗೆ ಒಂದು ಗೆರೆ, ಕಿವಿಯಿಂದ ಕಿವಿಗೆ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿದೆ. ಮೊದಲು ಕಿವಿಯ ಮುಂದಿನ ಹಟಮಾರಿಗಳು, ಆಮೇಲೆ ಹಣೆಯಂಚು, ಬೈತಲೆ, ಕೊನೆಗೆ ಹಿಂದಲೆ. ಬ್ರಷ್ಷಿನ ಬಾಲದಿಂದ ಅರ್ಧ ಸೆಂಟಿಮೀಟರ್ ದಪ್ಪದ ಎಳೆ ಎತ್ತಿ, ಮೇಲೂ ಕೆಳಗೂ ಹಚ್ಚಿ, ಆಚೆಗೆ ಮಲಗಿಸಿ, ಮುಂದಿನ ಎಳೆ. ದಪ್ಪಗೆ ಎತ್ತಿದರೆ ಮೇಲೆಲ್ಲ ಕಪ್ಪು ಕಂಡು ನಡುವಿನ ಕೂದಲು ಒಣಗಿಯೇ ಇರುತ್ತದೆ. ತೊಳೆದು ಜಡೆ ಹಾಕುವಾಗ ಬಿಳಿ ಚುಕ್ಕೆ ಬರುವುದು ಅಲ್ಲಿಂದಲೇ. ಜಿಪುಣತನವೂ ಕೂಡದು, ಕೂದಲು ಮಿಶ್ರಣದಲ್ಲಿ ಮುಳುಗಿದಂತೆ ಕಾಣಬೇಕು. 20 ಗ್ರಾಂ ಕ್ರೀಮಿನ ಒಂದು ಸಣ್ಣ ಪೊಟ್ಟಣ ಅವರ ಬುಡಕ್ಕೆ ಸರಿಹೋಯಿತು. ಅರ್ಧ ಮಾತ್ರ ಮೊದಲು ಕಲೆಸಿ, ಹಿಂದಲೆಗೆ ಬಂದಾಗ ಉಳಿದರ್ಧ ಕಲೆಸಿದೆ. ಹಳೆ ಬಣ್ಣ ಶುರುವಾಗುವಲ್ಲಿಗೆ ಬ್ರಷ್ ನಿಲ್ಲಿಸಿದೆ. ಆ ಗಡಿ ದಾಟಿ ಪ್ರತಿ ತಿಂಗಳೂ ಬಳಿಯುತ್ತ ಹೋದರೆ ಅಲ್ಲೊಂದು ಕರಿ ಪಟ್ಟಿ ಕೂರುತ್ತದೆ.

ಹಚ್ಚಲು 20 ನಿಮಿಷ ಹಿಡಿಯಿತು. ಈ ಪೊಟ್ಟಣದ ಚೀಟಿ ಹೇಳುವಂತೆ ಗಡಿಯಾರ ಶುರು ಕೊನೆಯ ಎಳೆ ಮುಗಿದ ಮೇಲೆ. ಹಾಗಾಗಿ ಕಿವಿಯ ಮುಂದಿನವಕ್ಕೆ ತಾನಾಗಿಯೇ ಹೆಚ್ಚು ಹೊತ್ತು ಸಿಕ್ಕಿತು. 25ನೇ ನಿಮಿಷಕ್ಕೆ ಒದ್ದೆ ಹತ್ತಿಯಲ್ಲಿ ಒಂದು ಬಿಳಿ ಎಳೆ ಒರೆಸಿ ನೋಡಿದೆ, ಇನ್ನೂ ತುಸು ಮಾಸಲು. 30ಕ್ಕೆ ತೊಳೆದೆವು, ನೀರು ತಿಳಿಯಾಗಿ ಹರಿಯುವವರೆಗೆ.

ಮಸಿ ತುದಿ ಇನ್ನೂ ಜಡೆಯಲ್ಲಿದೆ, ಎರಡು ತಿಂಗಳಿಗೊಮ್ಮೆ ಎರಡು ಬೆರಳಷ್ಟು ಕತ್ತರಿಸುತ್ತಿದ್ದಾರೆ. ನಾಲ್ಕೂ ಕುಚ್ಚುಗಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿಗೆ ಸೆಲೋಟೇಪಿನಲ್ಲಿ ಅಂಟಿಕೊಂಡಿವೆ, ಕೆಳಗೆ 0, 20, 30, 40 ಎಂದು ಪೆನ್ಸಿಲಿನಲ್ಲಿ ಬರೆದಿದೆ. ಮೊನ್ನೆ ಅಂಗಡಿಯಲ್ಲಿ ಆ ಕಂಪನಿಯ ಪೊಟ್ಟಣ ಸಿಗದೆ ಬೇರೆಯದು ತಂದರಂತೆ. ಅಂಕಿ 3 ಅಂತಲೇ ಇದೆಯಂತೆ. ಆದರೂ ಬಾಚಣಿಗೆಯ ಕೂದಲು ಮತ್ತೆ ಡಬ್ಬಿಗೆ ಸೇರುತ್ತಿದೆ.