ದಿನಾ ಒಂದು ಗಂಟೆ ಪಿಟೀಲು ನುಡಿಸಿದರೂ ಮಗಳು ಯಾಕೆ ಮುಂದೆ ಹೋಗುತ್ತಿಲ್ಲ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದವರು. ಮಗಳಿಗೆ ಹನ್ನೊಂದು ವರ್ಷ, ಪಿಟೀಲು ಕಲಿಯಲು ಶುರು ಮಾಡಿ ನಾಲ್ಕು ವರ್ಷ ಆಯಿತು. ದಿನಾ ಸಂಜೆ ತಪ್ಪದೆ ಒಂದು ಗಂಟೆ ಕೂರುತ್ತಾಳೆ. ನಾನು ಅಡುಗೆಮನೆಯಿಂದ ಕೇಳುತ್ತಲೇ ಇರುತ್ತೇನೆ, ಚೆನ್ನಾಗಿಯೇ ನುಡಿಸುತ್ತಾಳೆ. ಆದರೆ ಕ್ಲಾಸಿಗೆ ಹೋದರೆ ಮೇಷ್ಟ್ರು ಪ್ರತಿ ವಾರ ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ. ಒಂದು ಗಂಟೆ ಸಾಲುವುದಿಲ್ಲವಾ? ಎರಡು ಗಂಟೆ ಕೂರಿಸಲಾ?

ಉತ್ತರ: ಬೇಡಮ್ಮಾ, ಈಗಲೇ ಎರಡು ಗಂಟೆ ಕೂರಿಸಬೇಡಿ. ಶಿವಮೊಗ್ಗದಲ್ಲಿ ಪಿಟೀಲು ಕಲಿಸುವ ನನಗೆ ಈ ಪ್ರಶ್ನೆ ಕೇಳದ ಪೋಷಕರೇ ಕಡಿಮೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಒಂದು ಗಂಟೆ ಅನ್ನುವ ಲೆಕ್ಕ ಅಲ್ಲ, ‘ಅಡುಗೆಮನೆಯಿಂದ ಕೇಳಿದರೆ ಚೆನ್ನಾಗಿಯೇ ಇದೆ’ ಅನ್ನುವ ಮಾತು.

ಗಂಟೆಯ ಲೆಕ್ಕ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮನಃಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಅವರ ಜೊತೆಗಾರರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಾಸ ಮಾಡಿ 1993ರಲ್ಲಿ ಒಂದು ಪ್ರಬಂಧ ಬರೆದರು. ಅತ್ಯುತ್ತಮರು ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಸರಾಸರಿ ಹತ್ತು ಸಾವಿರ ಗಂಟೆ ಸಾಧನೆ ಮಾಡಿದ್ದರು ಅನ್ನುವುದು ಅಲ್ಲಿಂದಲೇ ಎಲ್ಲರ ಬಾಯಿಗೆ ಬಂದದ್ದು. ಆದರೆ ಅವರು ಎಣಿಸಿದ್ದು ಒಬ್ಬರೇ ಕೂತು, ಒಂದು ಕೊರತೆಯನ್ನು ತಿದ್ದಲೆಂದೇ ಮಾಡಿದ ಸಾಧನೆಯನ್ನು. ಗೆಳೆಯರ ಜೊತೆ ನುಡಿಸಿದ್ದು, ಖುಷಿಗೆ ನುಡಿಸಿದ್ದು ಆ ಲೆಕ್ಕದಲ್ಲಿ ಇಲ್ಲ. ಅದೂ ಅಲ್ಲದೆ 2019ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಮೇಘಾ ಮೈತ್ರ ಅದೇ ಅಧ್ಯಯನವನ್ನು ಮತ್ತೆ ಮಾಡಿ ನೋಡಿದರು. ಅತ್ಯುತ್ತಮರು ಮತ್ತು ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು, ಇಬ್ಬರ ಗಂಟೆಗಳೂ ಹೆಚ್ಚುಕಡಿಮೆ ಒಂದೇ ಬಂದವು. ಸಾಧನೆ ಬೇಡ ಅಂತ ಇದರರ್ಥ ಅಲ್ಲ. ಇವರಿಬ್ಬರಿಗಿಂತ ಕೆಳಗಿನ ಮೂರನೇ ಗುಂಪಿನವರು ಸಾಕಷ್ಟು ಕಡಿಮೆ ಮಾಡಿದ್ದರು, ಹಿಂದೆಯೇ ಉಳಿದಿದ್ದರು. ಒಂದು ಮಟ್ಟ ದಾಟಿದ ಮೇಲೆ ವ್ಯತ್ಯಾಸ ಹೇಳಲು ಗಂಟೆಯೊಂದೇ ಸಾಲುವುದಿಲ್ಲ, ಅಷ್ಟೇ.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಅಧ್ಯಯನ ಬೇರೆ ಇದೆ. ನನಗೆ ಬಹಳ ಇಷ್ಟವಾದದ್ದು ಅದು. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್, ಏಮಿ ಸಿಮನ್ಸ್ ಮತ್ತು ಕಾರ್ಲಾ ಕ್ಯಾಶ್ 2009ರಲ್ಲಿ ಪ್ರಕಟಿಸಿದ್ದು. ಪಿಯಾನೊ ಕಲಿಯುವ 17 ಜನ ದೊಡ್ಡ ವಿದ್ಯಾರ್ಥಿಗಳಿಗೆ ರಷ್ಯಾದ ಸಂಗೀತ ರಚನೆಕಾರ ಶೋಸ್ತಕೋವಿಚ್ ಅವರ ಮೊದಲ ಪಿಯಾನೊ ಕನ್ಚೆರ್ಟೊದಿಂದ ಒಂದು ಚಿಕ್ಕ ತುಣುಕು ಕೊಟ್ಟರು, ಬರೀ ಮೂರು ಬಾರ್, ನಮ್ಮಲ್ಲಿ ಮೂರು ಆವರ್ತ ಅಂದ ಹಾಗೆ. ಎಷ್ಟು ಹೊತ್ತು ಬೇಕಾದರೂ ಸಾಧನೆ ಮಾಡಿ, ಹೇಳಿದ ವೇಗದಲ್ಲಿ ಸರಿಯಾಗಿ ಬರುತ್ತದೆ ಅನ್ನಿಸಿದಾಗ ನಿಲ್ಲಿಸಿ ಅಂದರು. ಕೆಲವರು ಹತ್ತು ನಿಮಿಷದೊಳಗೆ ಎದ್ದರು, ಕೆಲವರು ಹೆಚ್ಚುಕಡಿಮೆ ಒಂದು ಗಂಟೆ ಕೂತರು. ಮಾರನೇ ದಿನ ಎಲ್ಲರೂ ಬಂದು ಅದನ್ನೇ ಹದಿನೈದು ಸಲ ನುಡಿಸಬೇಕಿತ್ತು. ಕೇಳಿದವರು ಅವರನ್ನು ಒಂದರಿಂದ ಹದಿನೇಳರವರೆಗೆ ಸಾಲಾಗಿ ನಿಲ್ಲಿಸಿದರು.

ಎಷ್ಟು ಹೊತ್ತು ಕೂತರು ಅನ್ನುವುದಕ್ಕೂ ಆ ಸಾಲಿನಲ್ಲಿ ಎಷ್ಟನೆಯವರಾದರು ಅನ್ನುವುದಕ್ಕೂ ಸಂಬಂಧವೇ ಕಾಣಲಿಲ್ಲ. ಎಷ್ಟು ಸಲ ನುಡಿಸಿದರು ಅನ್ನುವುದಕ್ಕೂ ಇಲ್ಲ. ಸಂಬಂಧ ಕಂಡದ್ದು ಎಷ್ಟು ಸಲ ತಪ್ಪಾಗಿ ನುಡಿಸಿದರು, ನೂರಕ್ಕೆ ಎಷ್ಟು ಪಾಲು ಸರಿಯಾಗಿ ನುಡಿಸಿದರು ಅನ್ನುವುದಕ್ಕೆ. ಮೊದಲ ಮೂವರೂ ಆರಂಭದಲ್ಲಿ ಎಲ್ಲರ ಹಾಗೆ ತಪ್ಪು ಮಾಡಿದ್ದರು. ಆದರೆ ತಪ್ಪಾದ ತಕ್ಷಣ ಅವರು ಎಲ್ಲಿ ಆಯಿತು, ಯಾಕೆ ಆಯಿತು ಅಂತ ಹಿಡಿದರು. ಅಷ್ಟು ಜಾಗವನ್ನು ಮಾತ್ರ ನಿಧಾನ ಮಾಡಿ, ತಪ್ಪು ಹೋಗಿ ಗಟ್ಟಿಯಾಗುವವರೆಗೆ ಬಿಡಲಿಲ್ಲ. ಆಮೇಲೆ ವೇಗವನ್ನು ಹಂತಹಂತವಾಗಿ ಏರಿಸಿದರು. ಉಳಿದವರ ತಪ್ಪು ಮರಳಿ ಮರಳಿ ಬರುತ್ತಲೇ ಇತ್ತು.

ಇದು ಹದಿನೇಳೇ ಜನರ ಅಧ್ಯಯನ, ಮೂರೇ ಬಾರ್, ಅದೂ ಚೆನ್ನಾಗಿ ಕಲಿತವರು. ಬರೆದಿಟ್ಟ ಸ್ವರವನ್ನು ಸರಿಯಾಗಿ ನುಡಿಸುವ ಕೆಲಸ. ಸ್ವರವನ್ನು ತೂಗಿ ಅಲುಗಿಸುವ ನಮ್ಮ ಗಮಕಕ್ಕೆ ಅದನ್ನು ಹಾಗೇ ತಂದು ಹಚ್ಚಲು ಬರುವುದಿಲ್ಲ, ಯಾಕೆಂದರೆ ಗಮಕ ಕಾಗದದ ಮೇಲೆ ಪೂರ್ತಿ ಇರುವುದೇ ಇಲ್ಲ. ಮೊದಲು ಅದು ಕಿವಿಯಲ್ಲಿ ಕೂರಬೇಕು. ಆದರೆ ಕೈಯ ತಪ್ಪಿನ ಮಟ್ಟಿಗೆ ಅವರು ಕಂಡದ್ದೂ ನಾನು ಕ್ಲಾಸಿನಲ್ಲಿ ಕಾಣುವುದೂ ಒಂದೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ನನ್ನ ಹತ್ತಿರ ಬರುವ ಒಬ್ಬ ಹುಡುಗಿಗೆ ಮೋಹನ ರಾಗದಲ್ಲಿ ‘ಗ ಪ ದ ಸ ರಿ ಗ ರಿ ಸ ದ ಪ’ ಅನ್ನುವ ಸಾಲು ಎರಡನೇ ಕಾಲದಲ್ಲಿ, ಅಂದರೆ ಎರಡರಷ್ಟು ವೇಗದಲ್ಲಿ, ಬರುತ್ತಿರಲಿಲ್ಲ. ಇದರಲ್ಲಿ ‘ದ’ ಆದ ಮೇಲೆ ಬರುವುದು ಮೇಲಿನ ‘ಸ’. ನಾನು ಕಲಿಸುವ ಬೆರಳಿನ ಕ್ರಮದಲ್ಲಿ ತೋರುಬೆರಳು ‘ದ’ದಿಂದ ‘ಸ’ಕ್ಕೆ ಜಾರಬೇಕು. ಆಗ ‘ರಿ’ ನಡುಬೆರಳಿಗೆ, ಮೇಲಿನ ‘ಗ’ ಉಂಗುರದ ಬೆರಳಿಗೆ ಸಿಗುತ್ತವೆ. ಅವಳು ಮನೆಯಲ್ಲಿ ಇಡೀ ಭಾಗವನ್ನು ಮೊದಲಿಂದ ಕೊನೆವರೆಗೆ ದಿನಾ ಹತ್ತು ಹನ್ನೆರಡು ಸಲ ನುಡಿಸುತ್ತಿದ್ದಳಂತೆ. ಪ್ರತಿ ಸಲವೂ ಮೇಲಿನ ‘ಗ’ ಶ್ರುತಿಗಿಂತ ಸ್ವಲ್ಪ ಕೆಳಗೆ. ಅಂದರೆ ದಿನಕ್ಕೆ ಹನ್ನೆರಡು ಸಲ ತಪ್ಪು ‘ಗ’ವನ್ನೇ ಕಲಿತಳು. ವಾರಕ್ಕೆ ಎಂಬತ್ತು ಸಲ ಆಯಿತು, ಅಲ್ವಾ?

ಎಲ್ಲಿ ತಪ್ಪುತ್ತಿದೆ ಅಂತ ಕೇಳಿದೆ. “ಗ ಬರ್ತಿಲ್ಲ ಮಿಸ್” ಅಂದಳು. ಅದಕ್ಕೇ ‘ಗ’ ಬಂದಾಗಲೆಲ್ಲ ಉಂಗುರದ ಬೆರಳನ್ನು ಎಳೆದು ಎಳೆದು ಇಡುತ್ತಿದ್ದಳು. ‘ಸ’ದಲ್ಲಿ ನಿಲ್ಲು ಅಂದೆ. ನಿಂತಳು. ಈಗ ಪಕ್ಕದ ‘ಸ’ ತಂತಿಯನ್ನೂ ಸೇರಿಸಿ ಕಮಾನು ಎಳಿ ಅಂದೆ. ಬೆರಳಿಟ್ಟ ಮೇಲಿನ ‘ಸ’, ಪಕ್ಕದಲ್ಲಿ ಖಾಲಿ ತಂತಿಯ ಮಧ್ಯ ‘ಸ’, ಎರಡೂ ಒಟ್ಟಿಗೆ. ಸರಿಯಿದ್ದರೆ ಅವು ಒಂದೇ ದನಿಯ ಹಾಗೆ ಬೆರೆಯುತ್ತವೆ. ಇಲ್ಲದಿದ್ದರೆ ವಂವಂ ಅಂತ ಅಲೆ ಏಳುತ್ತದೆ. ಅಲೆ ಎದ್ದಿತು. ಅವಳ ಮುಖ ನೋಡಬೇಕಿತ್ತು. ತಪ್ಪು ‘ಗ’ದಲ್ಲಿ ಇರಲೇ ಇಲ್ಲ. ಕೈ ‘ಸ’ಕ್ಕೆ ಪೂರ್ತಿ ಹೋಗುತ್ತಿರಲಿಲ್ಲ, ಅದರ ಮೇಲೆ ಕೂತ ‘ರಿ’ಯೂ ‘ಗ’ವೂ ಕೆಳಗೇ ಉಳಿಯುತ್ತಿದ್ದವು. ಕೈ ಯಾಕೆ ಹೋಗುತ್ತಿಲ್ಲ ಅಂತ ನೋಡಿದರೆ ಹೆಬ್ಬೆರಳು. ಬೆರಳುಗಳು ಹೊರಟರೂ ಅದು ಪಿಟೀಲಿನ ಕತ್ತನ್ನು ಗಟ್ಟಿಯಾಗಿ ಹಿಡಿದು ಹಿಂದೆಯೇ ಉಳಿಯುತ್ತಿತ್ತು.

ಹಾಗಾಗಿ ಅವತ್ತಿನ ಸಾಧನೆ ಎರಡೇ ಸ್ವರ: ದ, ಸ. ಹೆಬ್ಬೆರಳು ಸಡಿಲ, ಅದೂ ಬೆರಳಿನ ಜೊತೆ ಹೊರಡಬೇಕು. ಪ್ರತಿ ಸಲ ಖಾಲಿ ತಂತಿಯ ಜೊತೆ ತಾಳೆ ನೋಡಬೇಕು. ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ನಿಧಾನ ಮಾಡು ಅಂದರೆ ಮಕ್ಕಳು ಜಾರುವುದನ್ನೂ ನಿಧಾನ ಮಾಡುತ್ತಾರೆ. ನಿಧಾನಕ್ಕೆ ಜಾರುವ ಕೈ ಬೇರೆ, ಚಕ್ಕನೆ ಹೋಗುವ ಕೈ ಬೇರೆ. ಒಂದನ್ನು ಕಲಿತರೆ ಇನ್ನೊಂದು ಬರುವುದಿಲ್ಲ. ಅದಕ್ಕೆ ‘ದ’ದಲ್ಲಿ ಬೇಕಾದಷ್ಟು ಹೊತ್ತು ನಿಲ್ಲಲಿ, ಹೊರಟಾಗ ಮಾತ್ರ ಚಕ್ಕನೆ ಹೋಗಲಿ ಅಂತ ಹೇಳುತ್ತೇನೆ. ಐದು ಸಲ ಸಾಲಾಗಿ ಸರಿ ಬಂದರೆ ‘ದ ಸ ರಿ’, ಆಮೇಲೆ ‘ದ ಸ ರಿ ಗ’, ಆಮೇಲೆ ಹಿಂದೆ ಒಂದು ‘ಪ’ ಸೇರಿಸುವುದು. ಐದು ಅನ್ನುವುದು ಯಾವ ಸಂಶೋಧನೆಯದ್ದೂ ಅಲ್ಲ, ನನ್ನ ರೂಢಿ. ಮೆಟ್ರೊನೋಮ್ ಇಟ್ಟರೆ ನಲವತ್ತರಲ್ಲಿ ಶುರು ಮಾಡಿ, ತಪ್ಪಿದರೆ ಒಂದು ಹೆಜ್ಜೆ ಹಿಂದೆ. ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷ ಹೊರಗೆ ಕೂತಿದ್ದ ಅವಳ ಅಜ್ಜನಿಗೆ ಕೇಳಿದ್ದು ಬರೀ ಕಿರ್ರ್ ಕಿರ್ರ್. “ಇವತ್ತು ಏನೂ ನುಡಿಸಲೇ ಇಲ್ವಲ್ಲ” ಅಂದರು.

ನಿಮ್ಮ ಅಡುಗೆಮನೆಯ ಮಾತು ನನಗೆ ಮುಖ್ಯ ಅನ್ನಿಸಿದ್ದು ಇದಕ್ಕೇ. ಹೊರಗಿನಿಂದ ಕೇಳುವಾಗ ನಿಲ್ಲದೆ ಹರಿಯುವ ಸಂಗೀತ ಒಳ್ಳೆಯ ಸಾಧನೆಯ ಹಾಗೆ ಕಾಣುತ್ತದೆ. ನಾವು ಮೇಷ್ಟ್ರುಗಳು ಗಮನಿಸುವುದು ಎಲ್ಲಿ ನಿಂತಳು, ನಿಂತ ಮೇಲೆ ಎಲ್ಲಿಂದ ಶುರು ಮಾಡಿದಳು ಅಂತ. ತಪ್ಪಿದ ತಕ್ಷಣ ಪಲ್ಲವಿಯಿಂದ ಮತ್ತೆ ಶುರು ಮಾಡಿದರೆ ಬರುವ ಭಾಗ ಮತ್ತಷ್ಟು ಬರುತ್ತದೆ, ಬಾರದ್ದು ಹಾಗೇ ಉಳಿಯುತ್ತದೆ. ಗ್ಯಾರಿ ಮೆಕ್‌ಫರ್ಸನ್ ಮತ್ತು ಜೇಮ್ಸ್ ರೆನ್ವಿಕ್ ಆಸ್ಟ್ರೇಲಿಯಾದಲ್ಲಿ ವಾದ್ಯ ಕಲಿಯುವ ಚಿಕ್ಕ ಮಕ್ಕಳು ಮನೆಯಲ್ಲಿ ಸಾಧನೆ ಮಾಡುವುದನ್ನು ವಿಡಿಯೊ ಮಾಡಿ 2001ರಲ್ಲಿ ಬರೆದರು. ಆ ಮಕ್ಕಳು ನುಡಿಸಿದ ಹೊತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಪಾಲು ಹಾಡನ್ನು ಸುಮ್ನೆ ಮೊದಲಿಂದ ಕೊನೆವರೆಗೆ ನುಡಿಸುವುದಕ್ಕೇ ಹೋಗಿತ್ತು. ನಿಮ್ಮ ಮಗಳು ಒಬ್ಬಳೇ ಅಲ್ಲ, ಹೇಳಿಕೊಡದಿದ್ದರೆ ಮಕ್ಕಳು ಮಾಡುವುದೇ ಹೀಗೆ. ಇದನ್ನು ಹೇಳಿಕೊಡುವ ಕೆಲಸ ನಮ್ಮದು. ಎಷ್ಟೋ ಸಲ ‘ಇದನ್ನು ಸಾಧನೆ ಮಾಡಿಕೊಂಡು ಬಾ’ ಅಂದು ಕಳಿಸಿಬಿಡುತ್ತೇವೆ, ಹೇಗೆ ಅಂತ ತೋರಿಸುವುದಿಲ್ಲ.

ನೀವು ಮಾಡಬಹುದಾದದ್ದು ಹೆಚ್ಚೇನಿಲ್ಲ. ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರ ಹತ್ತಿರ ನಿಲ್ಲಿಸುವ ಜಾಗ ಯಾವುದು, ತಪ್ಪಿಗೆ ಕಾರಣ ಯಾವ ಬೆರಳು, ಮನೆಯಲ್ಲಿ ಅದು ಸರಿಯಾಯಿತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿ. ಆ ಒಂದು ಜಾಗಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ, ಶುರುವಿನಲ್ಲೇ, ದಣಿಯುವ ಮೊದಲು. ಆಮೇಲೆ ಅವಳಿಗೆ ಇಷ್ಟವಾದದ್ದನ್ನು ಇಡಿಯಾಗಿ ನುಡಿಸಲಿ, ಅದೂ ಬೇಕು. ಇನ್ನೊಂದು: ಆವತ್ತಿನ ಕೊನೆಯಲ್ಲಿ ಚೆನ್ನಾಗಿ ಬಂದದ್ದನ್ನು ನಂಬಬೇಡಿ. ಇಪ್ಪತ್ತು ಸಲ ನುಡಿಸಿದ ಮೇಲೆ ಕೈ ಬಿಸಿಯಾಗಿರುತ್ತದೆ, ಬಂದೇ ಬರುತ್ತದೆ. ಮಾರನೇ ದಿನ ಕೂತ ತಕ್ಷಣದ ಮೊದಲ ಸಲ ಹೇಗೆ ಬಂತು ಅಂತ ಕೇಳಿ. ಟೆಕ್ಸಾಸ್‌ನವರು ಮಾರನೇ ದಿನ ಕರೆಸಿ ಕೇಳಿದ್ದೂ ಅದಕ್ಕೇ.

ಮಳೆಗಾಲದಲ್ಲಿ ಇಷ್ಟು ಸಾಲದು. ನಿಮ್ಮ ಕಡೆ ಆಷಾಢದ ಮಳೆ ಹೆಂಚಿನ ಮೇಲೆ ಬೀಳುವಾಗ ಶ್ರುತಿ ಪೆಟ್ಟಿಗೆಯೇ ಕೇಳುವುದಿಲ್ಲ. ತೇವಕ್ಕೆ ತಂತಿ ತಿರುಗಿಸುವ ಬಿರಟೆ ಉಬ್ಬಿ ಬಿಗಿಯುತ್ತದೆ, ಕಮಾನಿನ ಕೂದಲು ಸಡಿಲವಾಗುತ್ತದೆ. ಶ್ರುತಿ ಕೇಳದ ಮಗು ಕಮಾನನ್ನು ಒತ್ತಿ ಎಳೆಯುತ್ತದೆ, ಬೆರಳು ಎಲ್ಲಿ ಬಿತ್ತು ಅಂತ ಅದಕ್ಕೇ ತಿಳಿಯುವುದಿಲ್ಲ. ಜೋರು ಮಳೆಯ ಹೊತ್ತಿನಲ್ಲಿ ಸ್ವರಸ್ಥಾನ ತಿದ್ದುವ ಕೆಲಸ ಬೇಡ. ಬಾಯಲ್ಲಿ ಸ್ವರ ಹೇಳಿ ತಾಳ ಹಾಕಲಿ, ಮಳೆ ನಿಂತ ಮೇಲೆ ಪಿಟೀಲು ತೆಗೆಯಲಿ.

ನನ್ನ ಆ ಹುಡುಗಿಯದ್ದು ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ. ಮೊದಲ ಎರಡು ದಿನ ಮೊದಲ ಸಲದ ‘ಸ’ ಮತ್ತೆ ಕೆಳಗೇ ಬಿತ್ತಂತೆ, ಮೂರನೇ ದಿನ ಕೂತ ತಕ್ಷಣ ಸರಿ ಬಂತಂತೆ. ಮುಂದಿನ ವಾರ ಕ್ಲಾಸಿಗೆ ಬಂದಾಗ ಮೇಲಿನ ‘ಗ’ ಗಂಟೆ ಹೊಡೆದ ಹಾಗೆ ಕೇಳಿತು. ಆದರೆ ಇಳಿಯುವಾಗ ‘ಸ’ದಿಂದ ‘ದ’ಕ್ಕೆ ವಾಪಸು ಬರುವಲ್ಲಿ ಕೈ ಈಗ ಜಾಸ್ತಿ ಹಿಂದೆ ಹೋಗುತ್ತಿದೆ. “ಮಿಸ್, ಹೆಬ್ಬೆರಳು ಮೊದಲೇ ಓಡ್ತಿದೆ ಅನ್ಸುತ್ತೆ” ಅಂತ ಈ ಸಲ ನಾನು ಕೇಳುವ ಮೊದಲೇ ಅವಳೇ ಹೇಳಿದಳು.