ಎಟಿಎಂ ಕೊಡದ ನೋಟಿಗೆ ಖಾತೆಯಲ್ಲಿ ಡೆಬಿಟ್ ಏಕೆ?

ಎಟಿಎಂನಿಂದ ನೋಟು ಬರಲಿಲ್ಲ, ಆದರೆ ಮೊಬೈಲ್‌ಗೆ ಡೆಬಿಟ್ ಮೆಸೇಜ್ ಬಂತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ನಂಬುವುದು ಎರಡು ಮಾತು. ಒಂದು, ಯಂತ್ರ ದುಡ್ಡು ನುಂಗಿತು. ಇನ್ನೊಂದು, ನನ್ನ ನೋಟು ಹಿಂದೆ ನಿಂತವರಿಗೆ ಸಿಗುತ್ತದೆ. ಎರಡೂ ತಪ್ಪು. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಯಾವ ನಂಬರ್ ಹಿಡಿದು ಹುಡುಕಬೇಕು ಅಂತ ತಿಳಿದಿರಬೇಕು.

ಮೊದಲು ಮುಖ್ಯವಾದ ಸಂಗತಿ ಹೇಳಿಬಿಡುತ್ತೇನೆ. ಡೆಬಿಟ್ ಆಗುವುದು ನೋಟು ಹೊರಗೆ ಬಂದ ಮೇಲಲ್ಲ, ಬರುವ ಮೊದಲು. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಖಾತೆಯಿಂದ ತೆಗೆದ ಮೊತ್ತವನ್ನು ಮತ್ತೆ ಖಾತೆಗೆ ಬರೆಯಬಹುದು. ಜೇಬಿಗೆ ಹೋದ ನೋಟನ್ನು ಯಂತ್ರ ವಾಪಸ್ ಕೇಳಲಾರದು. ಎರಡರಲ್ಲಿ ಒಂದು ತಪ್ಪು ಆಗಿಯೇ ತೀರುತ್ತದೆ ಎಂದಾದರೆ, ಸರಿಪಡಿಸಬಹುದಾದ ತಪ್ಪನ್ನೇ ಬ್ಯಾಂಕ್ ಆರಿಸಿಕೊಳ್ಳುತ್ತದೆ.

ಶುರುವಿನಲ್ಲಿ ಹೀಗಿರಲಿಲ್ಲ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ನೋಟು ಕೊಡುವ ಯಂತ್ರವನ್ನು ಗೋಡೆಗೆ ಕೂಡಿಸಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆ ಯಂತ್ರಕ್ಕೆ ಪ್ಲಾಸ್ಟಿಕ್ ಕಾರ್ಡ್ ಇರಲಿಲ್ಲ. ಕಾರ್ಬನ್-14 ಎಂಬ ವಿಕಿರಣಶೀಲ ವಸ್ತು ಸವರಿದ ಕಾಗದದ ವೋಚರ್ ಹಾಕಬೇಕಿತ್ತು, ಅದಕ್ಕೆ 10 ಪೌಂಡ್ ಸಿಗುತ್ತಿತ್ತು. ಯಂತ್ರಕ್ಕೂ ಖಾತೆಯ ಲೆಕ್ಕಕ್ಕೂ ತಂತಿಯ ನಂಟೇ ಇಲ್ಲ. ವೋಚರ್ ಒಳಗೇ ಉಳಿಯುತ್ತಿತ್ತು, ಬ್ಯಾಂಕಿನವರು ಆಮೇಲೆ ಅದನ್ನು ನೋಡಿ ಲೆಕ್ಕ ಬರೆಯುತ್ತಿದ್ದರು. ಅಂದರೆ ನೋಟು ಮೊದಲು, ಡೆಬಿಟ್ ಆಮೇಲೆ. ಖಾತೆಯಲ್ಲಿ ಈ ಕ್ಷಣ ಎಷ್ಟಿದೆ ಎಂದು ಕೇಳಿ, ಇದ್ದಷ್ಟೇ ಕೊಡುವ ಆನ್‌ಲೈನ್ ಯಂತ್ರಗಳು ಬಂದ ಮೇಲೆ ಈ ಕ್ರಮ ತಿರುವುಮುರುವಾಯಿತು. ನಮ್ಮ ಈಗಿನ ತಾಪತ್ರಯವೂ ಆಗಲೇ ಶುರುವಾಯಿತು.

ಈಗ ಒಂದು ಉದಾಹರಣೆ ತಗೊಳ್ಳೋಣ. 2025ರ ಜೂನ್ 5, ಸಂಜೆ 7 ಗಂಟೆ 42 ನಿಮಿಷ. ಒಬ್ಬರು ಬೇರೆ ಬ್ಯಾಂಕಿನ ಎಟಿಎಂನಲ್ಲಿ ₹5,000 ಕೇಳುತ್ತಾರೆ. ಕೋರಿಕೆ ಎಟಿಎಂನಿಂದ ಆ ಬ್ಯಾಂಕಿನ ಸ್ವಿಚ್‌ಗೆ ಹೋಗುತ್ತದೆ. ಸ್ವಿಚ್ ಅಂದರೆ ವ್ಯವಹಾರದ ಸಂದೇಶಗಳನ್ನು ಸರಿಯಾದ ಕಡೆಗೆ ದಾಟಿಸುವ ಕಂಪ್ಯೂಟರ್. ಅಲ್ಲಿಂದ ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮ ನಡೆಸುವ, ಬ್ಯಾಂಕುಗಳ ಎಟಿಎಂಗಳನ್ನು ಬೆಸೆಯುವ ಎನ್‌ಎಫ್‌ಎಸ್ ಜಾಲದ ಮೂಲಕ ಕಾರ್ಡ್ ಕೊಟ್ಟ ಬ್ಯಾಂಕಿಗೆ ಮುಟ್ಟುತ್ತದೆ. ಈ ಸಂದೇಶಗಳ ಅಚ್ಚಿಗೆ ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾದರಿ ಇದೆ. ಅದರಲ್ಲಿ ಕೋರಿಕೆಯ ಸಂಖ್ಯೆ 0200, ಉತ್ತರದ್ದು 0210. ಕಾರ್ಡ್ ಕೊಟ್ಟ ಬ್ಯಾಂಕ್ ಪಿನ್ ನೋಡಿ, ಬ್ಯಾಲೆನ್ಸ್ ನೋಡಿ, ₹5,000 ಕಡಿದು, 0210ರಲ್ಲಿ 00 ಎಂಬ ಕೋಡ್ ಹಾಕಿ ಕಳಿಸುತ್ತದೆ. 00 ಅಂದರೆ ಒಪ್ಪಿಗೆ. ಡೆಬಿಟ್ ಮೆಸೇಜ್ ಹೊರಡುವುದು ಈ ಹಂತದಲ್ಲೇ. ಆಗ ಒಂದು ನೋಟೂ ಅಲುಗಾಡಿರುವುದಿಲ್ಲ.

ಒಪ್ಪಿಗೆ ಬಂದ ಮೇಲೆ ಯಂತ್ರದ ಕೆಲಸ. ನೋಟು ತುಂಬಿದ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಾರೆ. ಅದರಿಂದ ಒಂದೊಂದೇ ನೋಟು ಎಳೆಯುವಾಗ ದಪ್ಪ ಅಳೆಯುವ ಸೆನ್ಸರ್ ಕಾವಲು ಕಾಯುತ್ತದೆ. ನಮ್ಮ ಉದಾಹರಣೆಯಲ್ಲಿ ₹500ರ ಆರು ನೋಟು ಸರಿಯಾಗಿ ಬಂದವು. ಏಳನೆಯದರ ಬೆನ್ನಿಗೆ ಎಂಟನೆಯದು ಅಂಟಿಕೊಂಡಿತ್ತು. ಎರಡು ನೋಟಿನ ದಪ್ಪ ಕಂಡ ಕೂಡಲೇ ಯಂತ್ರ ಇಡೀ ಕಟ್ಟನ್ನು ರಿಜೆಕ್ಟ್ ಬಿನ್ ಎಂಬ ಬೇರೆ ಡಬ್ಬಿಗೆ ತಳ್ಳಿತು. ಮತ್ತೆ ಎಳೆಯಲು ಹೋದಾಗ ನೋಟು ಸಿಕ್ಕಿಕೊಂಡಿತು. ಯಂತ್ರ ಕೈಚೆಲ್ಲಿತು. ರಿಜೆಕ್ಟ್ ಬಿನ್‌ಗೆ ಬಿದ್ದ ನೋಟನ್ನು ಯಂತ್ರ ಯಾರಿಗೂ ಕೊಡುವುದಿಲ್ಲ. ಅದನ್ನು ನೋಟು ತುಂಬಲು ಬರುವವರೇ ತೆರೆಯಬೇಕು. ಹಿಂದೆ ನಿಂತವರಿಗೆ ನಿಮ್ಮ ನೋಟು ಸಿಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ ಎಂದದ್ದು ಇದಕ್ಕೇ. ನೋಟು ಬಾಯಿಗೆ ಬಂದು ನೀವು ತೆಗೆದುಕೊಳ್ಳದೆ ಹೋದರೆ ಮಾತ್ರ ಕಥೆ ಬೇರೆ.

ಇದೆಲ್ಲವನ್ನೂ ಯಂತ್ರ ತನ್ನ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ಬರೆದುಕೊಳ್ಳುತ್ತದೆ. ಯಂತ್ರದಿಂದ ಯಂತ್ರಕ್ಕೆ ಬರೆಯುವ ರೀತಿ ಬೇರೆಯಾದರೂ ತಿರುಳು ಹೀಗಿರುತ್ತದೆ, ಇದರಲ್ಲಿ RRN ಅಂದರೆ ವ್ಯವಹಾರದ ಗುರುತಿನ ಸಂಖ್ಯೆ:

```
19:42:10  RRN 515619004312  AMT 5000
19:42:13  RESP 00
19:42:24  DISPENSE ERROR
19:42:25  REJECT BIN 8
```

ನೋಟು ಕೊಡಲಾಗಲಿಲ್ಲ ಎಂಬ ಸುದ್ದಿ ಸ್ವಿಚ್‌ಗೆ ಮುಟ್ಟಿದ ತಕ್ಷಣ ಅದು 0420 ಎಂಬ ಸಂದೇಶ ಹೊರಡಿಸುತ್ತದೆ. ಇದೇ ರಿವರ್ಸಲ್. ಇದರಲ್ಲಿ ಸುಮ್ನೆ "ಐದು ಸಾವಿರ ವಾಪಸ್ ಹಾಕಿ" ಅಂತ ಇರುವುದಿಲ್ಲ. ಯಾವ ವ್ಯವಹಾರವನ್ನು ರದ್ದು ಮಾಡಬೇಕು ಎಂಬುದರ ಪೂರ್ತಿ ಗುರುತು ಇರುತ್ತದೆ. ಅದಕ್ಕೆಂದೇ ಸಂದೇಶದಲ್ಲಿ 90ನೇ ಅಂಕಣ ಮೀಸಲು. ಮೂಲ ಸಂದೇಶದ ಬಗೆ, ಅದರ ಆರಂಕಿಯ ಕ್ರಮಸಂಖ್ಯೆ, ಹೊರಟ ದಿನ ಮತ್ತು ಹೊತ್ತು, ಕಳಿಸಿದ ಸಂಸ್ಥೆಯ ಗುರುತು, ಎಲ್ಲವೂ ಅಲ್ಲಿ ಇರುತ್ತವೆ. ಕಾರ್ಡ್ ಕೊಟ್ಟ ಬ್ಯಾಂಕ್ ತನ್ನ ದಾಖಲೆಯಲ್ಲಿ ಆ ಮೂಲವನ್ನು ಹುಡುಕಿ, ಹೊಂದಿದರೆ ಮಾತ್ರ ಮೊತ್ತವನ್ನು ಮರಳಿಸಿ, 0430 ಎಂದು ಉತ್ತರ ಕೊಡುತ್ತದೆ. ಜಾಲ ಚೆನ್ನಾಗಿದ್ದರೆ ಕೆಲವೇ ಸೆಕೆಂಡಿನ ಕೆಲಸ. ಡೆಬಿಟ್ ಮೆಸೇಜ್ ಬಂದ ಬೆನ್ನಿಗೇ ಕ್ರೆಡಿಟ್ ಮೆಸೇಜ್ ಬರುವುದು ಈ ದಾರಿಯಲ್ಲಿ.

0430 ಬರಲೇ ಇಲ್ಲ ಅನ್ನಿ. ಆಗ ಸ್ವಿಚ್ ಅದೇ ರಿವರ್ಸಲನ್ನು 0421 ಎಂದು ಮತ್ತೆ ಮತ್ತೆ ಕಳಿಸುತ್ತದೆ. ಕೊನೆಯ ಅಂಕಿ 1 ಅಂದರೆ "ಇದು ಹೊಸದಲ್ಲ, ಹಿಂದಿನದೇ". ನನಗೆ ಬಹಳ ಇಷ್ಟವಾಗುವ ಭಾಗ ಇದು. ಹತ್ತು ಸಲ ಬಂದರೂ ಬ್ಯಾಂಕ್ ಒಂದೇ ಸಲ ದುಡ್ಡು ಮರಳಿಸಬೇಕು, ಹತ್ತು ಸಲವೂ "ಆಯಿತು" ಎಂದು ಉತ್ತರಿಸಬೇಕು. ಗುರುತಿನ ಸಂಖ್ಯೆ ಇರುವುದರಿಂದ ಇದು ಸಾಧ್ಯ. ಮೊತ್ತವನ್ನು ಮಾತ್ರ ನೋಡುವ ವ್ಯವಸ್ಥೆಯಾಗಿದ್ದರೆ, ಒಬ್ಬರೇ ಎರಡು ಸಲ ₹5,000 ತೆಗೆದಾಗ ಯಾವುದು ಯಾವುದು ಅಂತ ತಿಳಿಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಕೆಲವು ಸಲ ದಿನಗಟ್ಟಲೆ ಏಕೆ ಕಾಯಬೇಕು? ನೋಟು ಎಳೆಯುತ್ತಿರುವಾಗಲೇ ಕರೆಂಟ್ ಹೋಗಿ ಎಟಿಎಂ ಸಂಪರ್ಕ ಕಡಿದುಹೋಯಿತು ಅಂದುಕೊಳ್ಳಿ. ಜರ್ನಲ್ `RESP 00` ಸಾಲಿಗೇ ನಿಂತಿದೆ. "ಕೊಟ್ಟೆ" ಎಂದೂ ಇಲ್ಲ, "ಆಗಲಿಲ್ಲ" ಎಂದೂ ಇಲ್ಲ. ನೋಟು ಹೊರಗೆ ಹೋದ ಮೇಲೆ ಸಂಪರ್ಕ ಹೋಯಿತೋ, ಮೊದಲೇ ಹೋಯಿತೋ ಸ್ವಿಚ್‌ಗೆ ಗೊತ್ತಿಲ್ಲ.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಹಳೆಯ ಹೆಸರಿದೆ, ಇಬ್ಬರು ಸೇನಾಧಿಪತಿಗಳ ಸಮಸ್ಯೆ. 1975ರಲ್ಲಿ ಇದರ ಮೊದಲ ರೂಪ ಅಚ್ಚಾಯಿತು, 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಇದಕ್ಕೆ ಈ ಹೆಸರು ಕೊಟ್ಟರು. ಎರಡು ಬೆಟ್ಟದ ಮೇಲೆ ಎರಡು ಪಡೆ, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಮಾತ್ರ ಗೆಲುವು. ಸುದ್ದಿ ಒಯ್ಯುವ ದೂತ ದಾರಿಯಲ್ಲಿ ಸಿಕ್ಕಿಬೀಳಬಹುದು. "ಬೆಳಗ್ಗೆ ನುಗ್ಗೋಣ" ಎಂದು ಒಬ್ಬರು ಹೇಳಿ ಕಳಿಸಿದರೆ, ಅದು ತಲುಪಿತೋ ಇಲ್ಲವೋ ತಿಳಿಯಲು ಉತ್ತರ ಬೇಕು. ಉತ್ತರ ತಲುಪಿತೋ ಇಲ್ಲವೋ ಎಂದು ತಿಳಿಯಲು ಅದಕ್ಕೊಂದು ಉತ್ತರ. ಎಷ್ಟು ದೂತರನ್ನು ಅಟ್ಟಿದರೂ ಕೊನೆಯವನ ಬಗ್ಗೆ ಅನುಮಾನ ಉಳಿಯುತ್ತದೆ. ಕೈಕೊಡಬಲ್ಲ ದಾರಿಯಲ್ಲಿ ಬರೀ ಸಂದೇಶದಿಂದ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗುವುದು ಅಸಾಧ್ಯ ಎಂಬುದಕ್ಕೆ ಗಣಿತದ ರುಜುವಾತೇ ಇದೆ. ಎಟಿಎಂ ಮತ್ತು ಬ್ಯಾಂಕ್ ಆ ಇಬ್ಬರು ಸೇನಾಧಿಪತಿಗಳು. ಹೊಸ ಸಾಫ್ಟ್‌ವೇರ್ ತಂದರೆ ಈ ತೊಂದರೆ ಪೂರ್ತಿ ಹೋಗುತ್ತದೆ ಎನ್ನುವವರಿಗೆ ಇದು ನನ್ನ ಉತ್ತರ.

ಸಂದೇಶ ಸೋತ ಕಡೆ ಬ್ಯಾಂಕ್ ನೋಟನ್ನೇ ಎಣಿಸುತ್ತದೆ. ಕ್ಯಾಸೆಟ್‌ಗೆ ₹500ರ 2,000 ನೋಟು ತುಂಬಿದ್ದರು ಅನ್ನಿ. ಒಪ್ಪಿಗೆ ಸಿಕ್ಕ ಎಲ್ಲ ವ್ಯವಹಾರ ಕೂಡಿಸಿದರೆ 1,470 ನೋಟು ಹೋಗಿರಬೇಕು, 530 ಉಳಿದಿರಬೇಕು. ತೆರೆದು ನೋಡಿದರೆ ಕ್ಯಾಸೆಟ್‌ನಲ್ಲಿ 532, ರಿಜೆಕ್ಟ್ ಬಿನ್‌ನಲ್ಲಿ 8, ಒಟ್ಟು 540. ಹತ್ತು ನೋಟು ಜಾಸ್ತಿ ಇದೆ, ಅಂದರೆ ₹5,000. ಜರ್ನಲ್‌ನಲ್ಲಿ ಕೊನೆ ಮುಟ್ಟದ ವ್ಯವಹಾರವೂ ಅದೊಂದೇ. ಎಟಿಎಂ ಬ್ಯಾಂಕ್ ತನ್ನ ಜರ್ನಲ್, ಸ್ವಿಚ್ ದಾಖಲೆ, ಎನ್‌ಎಫ್‌ಎಸ್ ಲೆಕ್ಕ ಮೂರನ್ನೂ ಜೋಡಿಸಿ ನೋಡಿ ಮೊತ್ತವನ್ನು ಕಾರ್ಡ್ ಬ್ಯಾಂಕಿಗೆ ಮರಳಿಸುತ್ತದೆ. ಸಿಸಿಟಿವಿ ಇದ್ದರೆ ಪೂರಕ ಸಾಕ್ಷಿ, ಆದರೆ ತೀರ್ಮಾನದ ತೂಕ ಇರುವುದು ಈ ಎಣಿಕೆಗೆ.

ಈ ಎಣಿಕೆಗೂ ಮಿತಿ ಇದೆ. ಅದೇ ಅವಧಿಯಲ್ಲಿ ಇನ್ನೊಬ್ಬರಿಗೆ ಹತ್ತು ನೋಟು ಹೆಚ್ಚು ಹೋಗಿದ್ದರೆ, ಒಂದರ ಹೆಚ್ಚಳ ಇನ್ನೊಂದರ ಕೊರತೆಯಲ್ಲಿ ಮುಚ್ಚಿಹೋಗುತ್ತದೆ. ನೋಟು ತುಂಬುವಾಗಲೇ ಎಣಿಕೆ ತಪ್ಪಿದ್ದರೂ ಹಾಗೇ. ಆಗ "ವ್ಯವಹಾರ ಸಫಲ" ಎಂಬ ಉತ್ತರ ಬರಬಹುದು. ಅಂಥ ಉತ್ತರ ಬಂದರೆ ಆ ವ್ಯವಹಾರದ ಜರ್ನಲ್ ಪ್ರತಿಯನ್ನೂ, ಆ ಅವಧಿಯ ಹೆಚ್ಚು-ಕಡಿಮೆ ನಗದಿನ ಲೆಕ್ಕವನ್ನೂ ಬರಹದಲ್ಲಿ ಕೇಳಿ.

ಪತ್ತೆಗೆ ನಿಮ್ಮ ಕೈಯಲ್ಲಿರುವ ಅಸ್ತ್ರ ಆರ್‌ಆರ್‌ಎನ್, ಹನ್ನೆರಡು ಅಂಕಿಯ ಸಂಖ್ಯೆ. ಸ್ಲಿಪ್ ಅಥವಾ ಸ್ಟೇಟ್‌ಮೆಂಟ್‌ನಲ್ಲಿ ಸಿಗುತ್ತದೆ. ಮೇಲಿನ `515619004312` ನೋಡಿ. ಸಾಮಾನ್ಯವಾಗಿ ಮೊದಲ 5 ವರ್ಷದ ಕೊನೆಯ ಅಂಕಿ, 156 ವರ್ಷದ ಎಷ್ಟನೇ ದಿನ ಎಂಬುದು (ಜೂನ್ 5), 19 ಗಂಟೆ, ಉಳಿದ ಆರಂಕಿ ಕ್ರಮಸಂಖ್ಯೆ. ರಿವರ್ಸಲ್ ನಮೂದಿನಲ್ಲೂ ಇದೇ ಸಂಖ್ಯೆ ಇದೆಯಾ ಅಂತ ಹೊಂದಿಸಿ ನೋಡಿ. ಬರೀ ಮೊತ್ತ ನೋಡಿ ಬಂತು ಅಂದುಕೊಳ್ಳಬೇಡಿ. ಸ್ಲಿಪ್ ಎಸೆಯಬೇಡಿ, ಅದರಲ್ಲಿ ಎಟಿಎಂನ ಗುರುತಿನ ಸಂಖ್ಯೆಯೂ ಇರುತ್ತದೆ. ಎಟಿಎಂ ಯಾರದ್ದೇ ಇರಲಿ, ದೂರು ಕೊಡಬೇಕಾದದ್ದು ನಿಮ್ಮ ಕಾರ್ಡಿನ ಬ್ಯಾಂಕಿಗೆ.

ಗಡುವೂ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯವಹಾರದ ದಿನದ ನಂತರ ಐದು ದಿನದೊಳಗೆ ಬ್ಯಾಂಕ್ ತಾನಾಗಿಯೇ ದುಡ್ಡು ಮರಳಿಸಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ, ಅದನ್ನೂ ಗ್ರಾಹಕ ಕೇಳದೆಯೇ ಖಾತೆಗೆ ಹಾಕಬೇಕು. ಐದು ದಿನ ಎಣಿಸುವುದು ದೂರು ಕೊಟ್ಟ ದಿನದಿಂದಲ್ಲ, ಅಲ್ವಾ ಅಂತ ಕೇಳುವವರು ಬಹಳ. ಹೌದು, ವ್ಯವಹಾರದ ದಿನದಿಂದಲೇ. ಜೂನ್ 5ರ ದುಡ್ಡಿಗೆ ಗಡುವು ಜೂನ್ 10. ಜೂನ್ 14ಕ್ಕೆ ಬಂದರೆ ನಾಲ್ಕು ದಿನ ತಡ, ₹5,000ದ ಜತೆಗೆ ₹400 ಬರಬೇಕು. ಬರದಿದ್ದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದೆ ಹೋದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಅದೇ ಆರ್‌ಆರ್‌ಎನ್ ಬರೆದು ದೂರು ಸಲ್ಲಿಸಬಹುದು.